ಟಿಡಿಎಸ್ ಮುರಿದುಕೊಂಡಿದ್ದಾರೆ, 16ಎ ಮಾತ್ರ ಬರ್ತಿಲ್ಲ

ನಕ್ಷೆಮನೆ · 24 ಜೂನ್ 2025

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಕಾಲಂ, ಬೀಮ್, ಫುಟಿಂಗ್ ಲೆಕ್ಕ ಹಾಕಿ ಡ್ರಾಯಿಂಗ್ ಮಾಡಿಕೊಡುವುದು ಕೆಲಸ. ನಾನು ಮತ್ತು ಒಬ್ಬ ಡ್ರಾಫ್ಟ್ಸ್‌ಮನ್, ಅಷ್ಟೇ. ಕಳೆದ ಹಣಕಾಸು ವರ್ಷದಲ್ಲಿ ಬೆಂಗಳೂರಿನ ಒಂದು ಬಿಲ್ಡರ್ ಕಂಪನಿಗೆ ಮೂರು ಬಿಲ್ ಕೊಟ್ಟಿದ್ದೆ.

ನವೆಂಬರ್ 12ರ ಬಿಲ್: 80,000, ಜಿಎಸ್‌ಟಿ 14,400, ಒಟ್ಟು 94,400. ಬಂದದ್ದು 86,400.
ಜನವರಿ 20ರ ಬಿಲ್: 1,20,000, ಜಿಎಸ್‌ಟಿ 21,600, ಒಟ್ಟು 1,41,600. ಬಂದದ್ದು 1,27,440.
ಮಾರ್ಚ್ 25ರ ಬಿಲ್: 60,000, ಜಿಎಸ್‌ಟಿ 10,800, ಒಟ್ಟು 70,800. ಇದರ ದುಡ್ಡು ಏಪ್ರಿಲ್ 22ಕ್ಕೆ ಬಂತು, 64,800.

ಒಟ್ಟು ಬಿಲ್ 3,06,800. ಬ್ಯಾಂಕಿಗೆ ಬಂದದ್ದು 2,78,640. ವ್ಯತ್ಯಾಸ 28,160. ನನ್ನ ಲೆಕ್ಕದ ಪ್ರಕಾರ ಜಿಎಸ್‌ಟಿ ಬಿಟ್ಟು ಹತ್ತು ಪರ್ಸೆಂಟ್ ಟಿಡಿಎಸ್ ಅಂದರೆ 26,000 ಆಗಬೇಕು. ಎರಡನೇ ಬಿಲ್‌ನಲ್ಲಿ 2,160 ಯಾಕೆ ಕಡಿಮೆ ಕೊಟ್ಟರೋ ತಿಳಿಯಲಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಏನೆಂದರೆ ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ತೆಗೆದು ನೋಡಿದರೆ ಮೊದಲ ಬಿಲ್ಲಿನ 8,000 ಮಾತ್ರ ಇದೆ. ಉಳಿದ 20,160ರ ಸುಳಿವೇ ಇಲ್ಲ.

ಏಪ್ರಿಲ್‌ನಿಂದ ಟಿಡಿಎಸ್ ಸರ್ಟಿಫಿಕೇಟ್, ಅದೇ 16ಎ, ಕೇಳುತ್ತಿದ್ದೇನೆ. ಏಳೆಂಟು ಫೋನ್, ನಾಲ್ಕು ಮೇಲ್ ಆಯಿತು. ಅಕೌಂಟ್ಸ್ ಹುಡುಗ "ಸಾರ್, ಟಿಡಿಎಸ್ ಕಟ್ಟಿದೀವಿ, 16ಎ ಕಳಿಸಿದೀವಿ" ಅಂತಾನೆ. ನನಗೆ ಬಂದಿಲ್ಲ. ಮತ್ತೆ ಕಳಿಸಿ ಅಂದರೆ "ಆಡಿಟರ್‌ಗೆ ಹೇಳ್ತೀನಿ" ಅಂತಾನೆ, ಅಲ್ಲಿಗೆ ಮುಗಿಯಿತು. ಮೊನ್ನೆಯಿಂದ ಫೋನ್ ಎತ್ತುತ್ತಿಲ್ಲ. ಈ ಬಿಲ್ಡರ್‌ನಿಂದ ಮುಂದೆಯೂ ಕೆಲಸ ಬರುವುದಿದೆ, ಜಗಳ ಮಾಡಿಕೊಳ್ಳುವ ಹಾಗಿಲ್ಲ. ಏನು ಮಾಡಬೇಕು?

---

ಮಲೆನಾಡಿಗ · 24 ಜೂನ್

16ಎ ಹಿಂದೆ ಬಿದ್ದು ಯಾಕೆ ಒದ್ದಾಡ್ತೀರಿ? ರಿಟರ್ನ್ ಜೊತೆ ಅದನ್ನು ಲಗತ್ತಿಸುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು. ಈಗ ಏನಿದ್ದರೂ 26ಎಎಸ್. ಅದರಲ್ಲಿ ಬಂದರೆ ಕ್ರೆಡಿಟ್ ಸಿಗುತ್ತೆ, ಬರದಿದ್ದರೆ ಇಲ್ಲ. ಕಾಗದ ಇಟ್ಟುಕೊಂಡು ಏನು ಮಾಡ್ತೀರಿ. ಸುಮ್ನೆ ಕಾಯಿರಿ, ಬರುತ್ತೆ.

---

ಗುತ್ತಿಗೆದಾರ ಗದಗ · 24 ಜೂನ್

ನನ್ನದೂ ಇದೇ ಕಥೆ ಅಣ್ಣಾ. ತಾಲೂಕು ಪಂಚಾಯ್ತಿ ಕೆಲಸ, ನಾಲ್ಕು ಲಕ್ಷದ ಬಿಲ್. ಎರಡು ಪರ್ಸೆಂಟ್ ಟಿಡಿಎಸ್ ಅಂತ ಮುರಿದಿದ್ದಾರೆ, ಅದರ ಮೇಲೆ ಮತ್ತೆ ಇನ್‌ಕಂ ಟ್ಯಾಕ್ಸ್ ಅಂತ ಒಂದು, ಲೇಬರ್ ಸೆಸ್ ಅಂತ ಇನ್ನೊಂದು. 26ಎಎಸ್‌ನಲ್ಲಿ ಒಂದೇ ಕಾಣ್ತಿದೆ. ಆ ಎರಡು ಪರ್ಸೆಂಟ್ ಎಲ್ಲಿ ಹೋಯ್ತು? ನಿಮ್ಮದು ಸಿಕ್ಕರೆ ನನಗೂ ದಾರಿ ಹೇಳಿ.

---

ತಾಳೆಪಟ್ಟಿ · 24 ಜೂನ್

ಗದಗದವರೇ, ನಿಮ್ಮದು ಬೇರೆ ವಿಷಯ. ಆ ಎರಡು ಪರ್ಸೆಂಟ್ ಜಿಎಸ್‌ಟಿ ಕಡೆಯ ಟಿಡಿಎಸ್. ಸರ್ಕಾರಿ ಕಚೇರಿಗಳು ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಹಿಡಿಯುತ್ತವೆ. ಅದು 26ಎಎಸ್‌ಗೆ ಬರುವುದೇ ಇಲ್ಲ. ಜಿಎಸ್‌ಟಿ ಪೋರ್ಟಲ್‌ಗೆ ಲಾಗಿನ್ ಆಗಿ ಟಿಡಿಎಸ್ ಕ್ರೆಡಿಟ್ ಬಂದಿದೆಯಾ ನೋಡಿ. ಅಲ್ಲಿ ನೀವು ಒಪ್ಪಿಕೊಂಡ ಮೇಲೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಸೇರುತ್ತದೆ. ಲೇಬರ್ ಸೆಸ್ ಒಂದು ಪರ್ಸೆಂಟ್ ವಾಪಸ್ ಬರುವಂಥದ್ದಲ್ಲ, ಅದನ್ನು ಖರ್ಚಿಗೆ ಹಾಕಿಕೊಳ್ಳಿ.

ಈಗ ನಕ್ಷೆಮನೆಯವರ ವಿಷಯ. ಮಲೆನಾಡಿಗರು ಹೇಳಿದ್ದರಲ್ಲಿ ಅರ್ಧ ನಿಜ. ರಿಟರ್ನ್‌ಗೆ 16ಎ ಲಗತ್ತಿಸುವುದಿಲ್ಲ, ಕ್ರೆಡಿಟ್ ಸಿಗುವುದು 26ಎಎಸ್ ನೋಡಿಯೇ. ಆದರೆ "ಸುಮ್ನೆ ಕಾಯಿರಿ" ಅನ್ನುವುದು ತಪ್ಪು. 16ಎ ಅನ್ನುವುದು ಕಂಪನಿಯವರು ಕೂತು ಟೈಪ್ ಮಾಡುವ ಕಾಗದ ಅಲ್ಲ. ಮೂರು ತಿಂಗಳಿಗೊಮ್ಮೆ ಅವರು 26ಕ್ಯೂ ಅನ್ನುವ ಟಿಡಿಎಸ್ ರಿಟರ್ನ್ ಸಲ್ಲಿಸುತ್ತಾರೆ. ಅದು ಪ್ರಾಸೆಸ್ ಆದ ಮೇಲೆ ಟ್ರೇಸಸ್ ಪೋರ್ಟಲ್‌ನಿಂದ 16ಎ ಇಳಿಸಿಕೊಳ್ಳಬೇಕು. ಅದರ ಮೇಲೆ ಏಳು ಅಕ್ಷರದ ಸರ್ಟಿಫಿಕೇಟ್ ನಂಬರ್ ಇರುತ್ತದೆ. 26ಎಎಸ್ ತುಂಬುವುದೂ ಅದೇ 26ಕ್ಯೂ. ಹಾಗಾಗಿ ನಿಮ್ಮ ಪ್ಯಾನ್‌ಗೆ 16ಎ ತೆಗೆಯಲು ಆಗುತ್ತಿಲ್ಲ ಅಂದರೆ 26ಎಎಸ್‌ಗೂ ಬರುವುದಿಲ್ಲ. 16ಎ ಕೇಳುವುದು ಕಾಗದಕ್ಕಾಗಿ ಅಲ್ಲ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡಲಿಕ್ಕೆ.

ಮೊದಲು ನಿಮ್ಮ 2,160. ಅವರು ಕಡಿಮೆ ಕೊಟ್ಟಿಲ್ಲ, ಜಾಸ್ತಿ ಟಿಡಿಎಸ್ ಹಿಡಿದಿದ್ದಾರೆ. 1,41,600ರಿಂದ 1,27,440 ಕಳೆಯಿರಿ, 14,160. ಅದು 1,41,600ಕ್ಕೆ ಸರಿಯಾಗಿ ಹತ್ತು ಪರ್ಸೆಂಟ್. ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲೆ ಹಿಡಿದಿದ್ದಾರೆ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಹಿಡಿಯಬೇಕು ಅಂತ 2017ರ ಜುಲೈನಲ್ಲೇ ಸಿಬಿಡಿಟಿ ಸುತ್ತೋಲೆ ಬಂದಿದೆ, ನಂಬರ್ 23. ಆದರೂ ತುಂಬಾ ಕಡೆ ಬಿಲ್ ಟೋಟಲ್ ಮೇಲೇ ಹಿಡಿಯುತ್ತಾರೆ.

ಮೊದಲ ಬಿಲ್‌ಗೆ ಸರಿಯಾಗಿ ಹಿಡಿದು ಎರಡನೆಯದಕ್ಕೆ ಹೀಗೆ ಮಾಡಿದ್ದಾರೆ ಅಂದರೆ ನನಗೆ ಒಂದು ಅನುಮಾನ. ಎರಡೂ ಒಂದೇ ಲೆಡ್ಜರ್‌ನಿಂದ ಹೋಗಿಲ್ಲ. ಈ ಕಂಪನಿ ಜೊತೆ ಹಿಂದೆ ಬೇರೆ ಹೆಸರಿನಲ್ಲಿ ಏನಾದರೂ ವ್ಯವಹಾರ ಮಾಡಿದ್ದಿರಾ?

---

ನಕ್ಷೆಮನೆ · 24 ಜೂನ್

ಮಾಡಿದ್ದೆ ಸಾರ್! ಗೆಳೆಯನ ಜೊತೆ ಪಾಲುದಾರಿಕೆಯಲ್ಲಿ ಆಫೀಸ್ ಇತ್ತು. 2023ರಲ್ಲಿ ಮುಚ್ಚಿದೆವು. ಅವನು ದುಬೈಗೆ ಹೋದ. ಆಗ ಈ ಬಿಲ್ಡರ್‌ಗೆ ಎರಡು ಕೆಲಸ ಮಾಡಿದ್ದೆವು. ಆದರೆ ಈಗಿನ ಬಿಲ್ ಎಲ್ಲ ನನ್ನ ಹೆಸರಲ್ಲಿ, ನನ್ನ ಪ್ಯಾನ್, ನನ್ನ ಜಿಎಸ್‌ಟಿ ನಂಬರ್ ಹಾಕಿಯೇ ಕೊಟ್ಟಿದ್ದು.

---

ತಾಳೆಪಟ್ಟಿ · 24 ಜೂನ್

ಬಿಲ್ ಮೇಲೆ ಏನಿದೆ ಅನ್ನುವುದಕ್ಕಿಂತ ಅವರ ಟ್ಯಾಲಿಯಲ್ಲಿ ಯಾವ ಲೆಡ್ಜರ್ ಆಯ್ದುಕೊಂಡರು ಅನ್ನುವುದು ಮುಖ್ಯ. ಹಳೆ ಸಂಸ್ಥೆಯ ಇನ್‌ಕಂ ಟ್ಯಾಕ್ಸ್ ಲಾಗಿನ್ ಇನ್ನೂ ಇದೆಯಾ? ಇದ್ದರೆ ಅದರ 26ಎಎಸ್ ತೆಗೆದು 2024-25 ನೋಡಿ.

---

ನಕ್ಷೆಮನೆ · 25 ಜೂನ್

ರಾತ್ರಿ ಹನ್ನೊಂದಕ್ಕೆ ಹಳೆ ಡೈರಿ ಹುಡುಕಿ ಪಾಸ್‌ವರ್ಡ್ ತೆಗೆದೆ. ಅಲ್ಲೇ ಇದೆ ಸಾರ್. ಅದೇ ಬಿಲ್ಡರ್ ಹೆಸರು, ಅದೇ ಟ್ಯಾನ್, ಸೆಕ್ಷನ್ 194ಜೆ, ಫೆಬ್ರವರಿ 18, ಮೊತ್ತ 1,41,600, ತೆರಿಗೆ 14,160. ಸ್ಟೇಟಸ್ `F`, ಅಂದರೆ ಫೈನಲ್, ಅಂತಿದೆ. ನೋಡಿ ಎದೆ ಧಸಕ್ಕೆಂದಿತು, ಸಮಾಧಾನವೂ ಆಯಿತು.

ಇನ್ನೊಂದು. ಹಳೆ ಸಂಸ್ಥೆಯ ಇಮೇಲ್ ತೆಗೆದು ನೋಡಿದೆ, ಎರಡು ವರ್ಷದಿಂದ ಮುಟ್ಟಿರಲಿಲ್ಲ. ಜೂನ್ 13ಕ್ಕೆ ಬಂದ 16ಎ ಅಲ್ಲಿ ಬಿದ್ದಿದೆ! ಆ ಹುಡುಗ ಸುಳ್ಳು ಹೇಳಿಲ್ಲ. ನಿಜವಾಗಿಯೂ ಕಳಿಸಿದ್ದಾನೆ. ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ತಪ್ಪಾಯ್ತು.

16ಎಯಲ್ಲಿ ಪ್ಯಾನ್‌ನ ನಾಲ್ಕನೇ ಅಕ್ಷರ `F`, ಅಂದರೆ ಪಾಲುದಾರಿಕೆ ಸಂಸ್ಥೆ. ನನ್ನದು `P`, ಅಂದರೆ ವ್ಯಕ್ತಿ. ಹೆಸರು ಹೆಚ್ಚುಕಡಿಮೆ ಒಂದೇ ಥರ, ಕೊನೆಗೆ "ಅಸೋಸಿಯೇಟ್ಸ್" ಅನ್ನೋದೊಂದೇ ವ್ಯತ್ಯಾಸ.

---

ಮಲೆನಾಡಿಗ · 25 ಜೂನ್

ಸಿಕ್ಕಿತಲ್ಲ, ಒಳ್ಳೇದಾಯ್ತು. ಇನ್ನು ಯಾರ ಕಾಲೂ ಹಿಡಿಯಬೇಕಿಲ್ಲ. ಹಳೆ ಸಂಸ್ಥೆಯ ಹೆಸರಲ್ಲಿ ಒಂದು ರಿಟರ್ನ್ ಹಾಕಿ 14,160 ರೀಫಂಡ್ ತಗೊಂಡುಬಿಡಿ. ಗೆಳೆಯ ಬೇಡ ಅನ್ನಲ್ಲ ಅಲ್ವಾ.

---

ತಾಳೆಪಟ್ಟಿ · 25 ಜೂನ್

ದಯವಿಟ್ಟು ಹಾಗೆ ಮಾಡಬೇಡಿ. ಟಿಡಿಎಸ್ ಕ್ರೆಡಿಟ್ ಆದಾಯದ ಜೊತೆಯಲ್ಲೇ ಹೋಗಬೇಕು. ಆದಾಯ ಯಾರ ರಿಟರ್ನ್‌ನಲ್ಲಿದೆಯೋ ಕ್ರೆಡಿಟ್ ಅವರಿಗೇ. ಆ 1,20,000 ನಿಮ್ಮ ಆದಾಯ. ಮುಚ್ಚಿದ ಸಂಸ್ಥೆ ಆದಾಯ ಸೊನ್ನೆ ತೋರಿಸಿ 14,160 ವಾಪಸ್ ಕೇಳಿದರೆ ಪ್ರಶ್ನೆ ಬರುತ್ತದೆ. ಸಂಸ್ಥೆಯಲ್ಲಿ ಆದಾಯ ತೋರಿಸಿದರೆ ನಿಮ್ಮ ಬಿಲ್, ನಿಮ್ಮ ಜಿಎಸ್‌ಟಿ ರಿಟರ್ನ್, ನಿಮ್ಮ ಬ್ಯಾಂಕ್ ಮೂರೂ ಸುಳ್ಳಾಗುತ್ತವೆ. ಒಂದು ತಪ್ಪು ಮುಚ್ಚಲು ನಾಲ್ಕು ಆಗುತ್ತದೆ.

ಇದನ್ನು ಸರಿಪಡಿಸುವುದು ಬಿಲ್ಡರ್ ಒಬ್ಬರಿಂದಲೇ ಸಾಧ್ಯ. ನಿಮ್ಮಿಂದಲೂ ಆಗದು, ಇಲಾಖೆಯ ಹೆಲ್ಪ್‌ಲೈನ್‌ನಿಂದಲೂ ಆಗದು. ಜನವರಿ-ಮಾರ್ಚ್ ತ್ರೈಮಾಸಿಕದ 26ಕ್ಯೂಗೆ ಅವರು ಕರೆಕ್ಷನ್ ಸ್ಟೇಟ್‌ಮೆಂಟ್ ಹಾಕಿ, ಆ ಒಂದು ಸಾಲಿನಲ್ಲಿ ಪ್ಯಾನ್ ಬದಲಿಸಬೇಕು. ಚಲನ್ ಬದಲಾಗುವುದಿಲ್ಲ, ದುಡ್ಡು ಮತ್ತೆ ಕಟ್ಟುವುದೂ ಇಲ್ಲ.

ಇದನ್ನು ಅವರಿಗೆ ಬಿಡಿಸಿ ಹೇಳಿ. ಕಂಪನಿಯವರು ಕರೆಕ್ಷನ್ ಅಂದ ಕೂಡಲೇ ಹೆದರುವುದು "ಮತ್ತೆ ದುಡ್ಡು ಕಟ್ಟಬೇಕಾಗುತ್ತಾ" ಅಂತ. "ಚಲನ್ ತೋರಿಸಿ" ಅಂತಲೂ ಕೇಳಬೇಡಿ. ಚಲನ್‌ನಲ್ಲಿ ಅವರ ಟ್ಯಾನ್ ಇರುತ್ತದೆ, ದುಡ್ಡು ಸರ್ಕಾರಕ್ಕೆ ಹೋಯಿತು ಅನ್ನುವುದು ಮಾತ್ರ ಗೊತ್ತಾಗುತ್ತದೆ. ಯಾರ ಪಾಲಿಗೆ ಅನ್ನುವುದು ಇರುವುದು 26ಕ್ಯೂ ಒಳಗಿನ ಸಾಲಿನಲ್ಲಿ.

---

ಲೆಡ್ಜರ್ ಅಕ್ಕ · 25 ಜೂನ್

ನಾನು ಆ ಕಡೆಯವಳು. ಒಂದು ಕಂಪನಿಯಲ್ಲಿ ವೆಂಡರ್ ಪೇಮೆಂಟ್ ನೋಡಿಕೊಳ್ಳುತ್ತೇನೆ, ಹನ್ನೊಂದು ವರ್ಷ ಆಯಿತು. ನಿಮ್ಮ ಫೋನ್ ಅವರು ಯಾಕೆ ಎತ್ತುತ್ತಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಏಪ್ರಿಲ್‌ನಿಂದ ಜೂನ್‌ವರೆಗೆ ನಮಗೆ ದಿನಕ್ಕೆ ಇಪ್ಪತ್ತು ಫೋನ್ ಬರುತ್ತವೆ, ಎಲ್ಲ ಒಂದೇ ಮಾತು: "ಮೇಡಂ, ನಮ್ಮ 16ಎ?" ಹೆಸರು ಕೇಳಬೇಕು, ಪ್ಯಾನ್ ಕೇಳಬೇಕು, ಯಾವ ಬಿಲ್ ಅಂತ ಹುಡುಕಬೇಕು. ಟ್ರೇಸಸ್ ಲಾಗಿನ್ ನನ್ನ ಬಳಿ ಇರುವುದಿಲ್ಲ, ಆಡಿಟರ್ ಆಫೀಸಿನಲ್ಲಿರುತ್ತದೆ. ಅವರಿಗೆ ನಾನು ಮೇಲ್ ಹಾಕಬೇಕು. ಮಾರ್ಚ್ ತ್ರೈಮಾಸಿಕದ 26ಕ್ಯೂಗೆ ಮೇ 31ರವರೆಗೆ ಸಮಯ, 16ಎ ಕೊಡಲು ಜೂನ್ 15. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಕೇಳಿದರೆ ನಾನು ಕೊಡಬೇಕು ಅಂದುಕೊಂಡರೂ ಆಗಲ್ಲ. ನಿಮ್ಮ ಮೊದಲ ಎರಡು ತಿಂಗಳ ಫೋನ್ ಎಲ್ಲ ವ್ಯರ್ಥ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ಯಾರಾದರೂ ಒಂದೇ ಮೇಲ್‌ನಲ್ಲಿ ಎಲ್ಲ ಬರೆದು ಕಳಿಸಿದರೆ ಅದನ್ನು ಹಾಗೇ ಆಡಿಟರ್‌ಗೆ ಫಾರ್ವರ್ಡ್ ಮಾಡುತ್ತೇನೆ. ಎರಡು ನಿಮಿಷದ ಕೆಲಸ. ನಿಮ್ಮ ಮೇಲ್ ಹೀಗಿರಲಿ:

> ವಿಷಯ: 26ಕ್ಯೂ ಕರೆಕ್ಷನ್ ಬೇಕು – 2024-25, ಜನವರಿ-ಮಾರ್ಚ್ – ಒಂದು ಸಾಲಿನಲ್ಲಿ ಪ್ಯಾನ್ ಬದಲಾವಣೆ
>
> ನಮ್ಮ 20-01-2025ರ ಬಿಲ್‌ಗೆ ತಾವು 18-02-2025ರಂದು 1,27,440 ರೂ. ಪಾವತಿಸಿದ್ದೀರಿ. ಟಿಡಿಎಸ್ 14,160 ರೂ. ತಾವು ಕಟ್ಟಿದ್ದೀರಿ, ಧನ್ಯವಾದ. ಆದರೆ ಅದು ನಮ್ಮ ಹಳೆ ಪಾಲುದಾರಿಕೆ ಸಂಸ್ಥೆಯ ಪ್ಯಾನ್‌ಗೆ ಹೋಗಿದೆ. ಬಿಲ್‌ನಲ್ಲಿ ಇರುವ ಪ್ಯಾನ್ ಬೇರೆ. ಬಿಲ್, ತಾವು ಕಳಿಸಿದ 16ಎ, ಸರಿಯಾದ ಪ್ಯಾನ್ ಕಾರ್ಡ್ ಪ್ರತಿ ಲಗತ್ತಿಸಿದ್ದೇನೆ. ಚಲನ್‌ನಲ್ಲಿ ಬದಲಾವಣೆ ಬೇಡ, ಹೆಚ್ಚಿನ ತೆರಿಗೆಯೂ ಇಲ್ಲ. ಪ್ಯಾನ್ ಒಂದನ್ನು ಬದಲಿಸಿ ಹೊಸ 16ಎ ಕೊಡಬೇಕಾಗಿ ವಿನಂತಿ.

"ಕಟ್ಟಿದ್ದೀರಿ, ಧನ್ಯವಾದ" ಅನ್ನುವ ಸಾಲು ಬಿಡಬೇಡಿ. ನೀವು ಕಳ್ಳ ಅನ್ನುತ್ತಿಲ್ಲ ಅಂತ ಗೊತ್ತಾದರೆ ಆ ಹುಡುಗನಿಗೆ ಮ್ಯಾನೇಜರ್ ಮುಂದೆ ಹೋಗಲು ಧೈರ್ಯ ಬರುತ್ತದೆ. ತಪ್ಪು ಅವನದೇ ಅಲ್ವಾ, ಲೆಡ್ಜರ್ ಆರಿಸಿದ್ದು ಅವನೇ. ಮ್ಯಾನೇಜರ್ ಬೈತಾರೆ ಅನ್ನುವ ಭಯಕ್ಕೇ ಎಷ್ಟೋ ಕರೆಕ್ಷನ್ ನಿಂತುಬಿಡುತ್ತವೆ. ಆಡಿಟರ್ ಹೆಸರು ಕೇಳಿ ಅವರನ್ನೂ ಮೇಲ್‌ನಲ್ಲಿ ಸೇರಿಸಿ.

ಹಳೆ ಲೆಡ್ಜರ್ ಮುಚ್ಚಲು ಹೇಳುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಮುಂದಿನ ಬಿಲ್‌ಗೂ ಇದೇ ಆಗುತ್ತದೆ.

---

ಅನುವಾದಕಿ ಮೈಸೂರು · 26 ಜೂನ್

ನಿಮ್ಮ ಕ್ಲೈಂಟ್ ಕಟ್ಟಿದ್ದಾರೆ, ನೀವು ಅದೃಷ್ಟವಂತರು. ನನ್ನ ಕ್ಲೈಂಟ್ ಟಿಡಿಎಸ್ ಹಿಡಿದುಕೊಂಡು ಕಟ್ಟಲೇ ಇಲ್ಲ. 2021-22ರಲ್ಲಿ 11,500 ರೂಪಾಯಿ. ಕೇಳಿ ಕೇಳಿ ಸಾಕಾಗಿ ಎಕ್ಸೆಲ್‌ನಲ್ಲಿ ಮಾಡಿದ ಒಂದು "16ಎ" ಕಳಿಸಿದರು, ಸೀಲು ಸಹಿ ಎಲ್ಲ ಇತ್ತು. ಸರ್ಟಿಫಿಕೇಟ್ ನಂಬರ್ ಜಾಗ ಖಾಲಿ. ಆಗ ನನಗೆ ಇದೆಲ್ಲ ತಿಳಿದಿರಲಿಲ್ಲ. ಅದನ್ನೇ ನಂಬಿ ರಿಟರ್ನ್‌ನಲ್ಲಿ ಕ್ಲೇಮ್ ಮಾಡಿದೆ. ಕೆಲವು ತಿಂಗಳಿಗೆ 143(1) ನೋಟಿಸ್ ಬಂತು, 26ಎಎಸ್‌ನಲ್ಲಿ ಇಲ್ಲ, ಅಷ್ಟೂ ತೆರಿಗೆ ಬಡ್ಡಿ ಸಮೇತ ಕಟ್ಟಿ ಅಂತ.

ಅಷ್ಟರಲ್ಲಿ ಆ ಕಂಪನಿ ಬಾಗಿಲು ಹಾಕಿತ್ತು. ನನ್ನ ಕೈಯಿಂದ ಹಿಡಿದ ತೆರಿಗೆಯನ್ನು ನನ್ನಿಂದಲೇ ಎರಡನೇ ಸಲ ಕೇಳುವುದು ಯಾವ ನ್ಯಾಯ?

---

ತಾಳೆಪಟ್ಟಿ · 26 ಜೂನ್

ಅನ್ಯಾಯವೇ, ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ. ಸೆಕ್ಷನ್ 205 ಇರುವುದೇ ಇದಕ್ಕೆ. ತೆರಿಗೆ ಹಿಡಿದಾಗಿದೆ ಅಂದಮೇಲೆ ಅಷ್ಟು ಮೊತ್ತವನ್ನು ನಿಮ್ಮಿಂದ ನೇರವಾಗಿ ಕೇಳುವಂತಿಲ್ಲ. ಇಂಥ ಬಾಕಿಯನ್ನು ಬಲವಂತವಾಗಿ ವಸೂಲಿ ಮಾಡಬೇಡಿ ಅಂತ 2015ರಲ್ಲಿ ಸಿಬಿಡಿಟಿ ಅಧಿಕಾರಿಗಳಿಗೆ ಬರೆದಿದೆ, 2016ರಲ್ಲಿ ಮತ್ತೆ ಹೇಳಿದೆ. ಆದರೆ ಕಂಪ್ಯೂಟರ್ ನೋಡುವುದು 26ಎಎಸ್ ಮಾತ್ರ. ಅದು ನೋಟಿಸ್ ಕಳಿಸಿಬಿಡುತ್ತದೆ. ನೀವು ಪೋರ್ಟಲ್‌ನಲ್ಲಿ ಒಪ್ಪುವುದಿಲ್ಲ ಅಂತ ಉತ್ತರ ಹಾಕಿ, ಆಮೇಲೆ ನಿಮ್ಮ ವಾರ್ಡ್ ಅಧಿಕಾರಿಗೆ ಅರ್ಜಿ ಕೊಡಬೇಕು.

ಅಲ್ಲಿ ನಿಲ್ಲುವುದು ಒಂದೇ ಪ್ರಶ್ನೆ: ಕಡಿಮೆ ಬಂದ ದುಡ್ಡು ಟಿಡಿಎಸ್ ಅಂತಲೇ ಹಿಡಿದದ್ದು ಅನ್ನುವುದಕ್ಕೆ ಏನು ಸಾಕ್ಷಿ? ಬಿಲ್ 50,000, ಬ್ಯಾಂಕಿಗೆ 45,000 ಬಂದಿದ್ದರೆ ಆ 5,000 ಡಿಸ್ಕೌಂಟ್ ಅಂತಲೂ ಹೇಳಬಹುದು. ಪೇಮೆಂಟ್ ಅಡ್ವೈಸ್ ಇದೆಯಾ? "ಟಿಡಿಎಸ್ ಕಳೆದು ಹಾಕಿದ್ದೇವೆ" ಅನ್ನುವ ಒಂದು ಮೇಲ್, ಅವರ ಪುಸ್ತಕದಲ್ಲಿನ ನಿಮ್ಮ ಲೆಡ್ಜರ್ ಪ್ರತಿ, ಏನಾದರೂ?

---

ಅನುವಾದಕಿ ಮೈಸೂರು · 26 ಜೂನ್

ಎರಡು ಪೇಮೆಂಟ್‌ಗೆ ವಾಟ್ಸಾಪ್‌ನಲ್ಲಿ "ಲೆಸ್ ಟಿಡಿಎಸ್" ಅಂತ ಬರೆದಿದ್ದಾರೆ. ಒಂದಕ್ಕೆ ಏನೂ ಇಲ್ಲ. ಅರ್ಜಿ ಕೊಟ್ಟು ವರ್ಷ ಆಯಿತು. ಈ ನಡುವೆ ಮುಂದಿನ ವರ್ಷದ ರೀಫಂಡ್‌ನಲ್ಲಿ ಅದನ್ನು ಮುರಿದುಕೊಂಡೂ ಆಯಿತು. ಈಗ ಪ್ರತಿ ಪೇಮೆಂಟ್ ಬಂದ ದಿನವೇ "ಇಷ್ಟು ಟಿಡಿಎಸ್ ಅಂತ ಹಿಡಿದಿದ್ದೀರಿ ಅಲ್ವಾ?" ಅಂತ ಮೇಲ್ ಹಾಕುತ್ತೇನೆ. ಹೌದು ಅಂತ ಉತ್ತರ ಬರುವವರೆಗೆ ಬಿಡುವುದಿಲ್ಲ. ದುಡ್ಡು ಕೊಟ್ಟ ದಿನ ಎಲ್ಲರೂ ಉತ್ತರ ಕೊಡುತ್ತಾರೆ.

---

ಮಲೆನಾಡಿಗ · 26 ಜೂನ್

16ಎ ಕೊಡದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಇದೆ. ಲಾಯರ್ ನೋಟಿಸ್ ಒಂದು ಕಳಿಸಿದರೆ ಮಾರನೇ ದಿನ ಓಡಿ ಬರ್ತಾರೆ.

---

ಲೆಡ್ಜರ್ ಅಕ್ಕ · 26 ಜೂನ್

ದಂಡ ಇರುವುದು ನಿಜ, 272ಎ ಅಡಿಯಲ್ಲಿ. ಆದರೆ ಅದು ಹಿಡಿದ ತೆರಿಗೆಗಿಂತ ಜಾಸ್ತಿ ಆಗುವಂತಿಲ್ಲ. ಹಾಕುವುದು ಇಲಾಖೆ, ಹೋಗುವುದು ಸರ್ಕಾರಕ್ಕೆ. ನಿಮಗೆ ಒಂದು ಪೈಸೆಯೂ ಬರಲ್ಲ. ನೋಟಿಸ್ ಬಂದ ದಿನವೇ ಫೈಲ್ ನಮ್ಮ ಕೈಯಿಂದ ಲೀಗಲ್‌ನವರ ಕೈಗೆ ಹೋಗುತ್ತದೆ. ಆಮೇಲೆ ನಾನು ಸಹಾಯ ಮಾಡಬೇಕು ಅಂದುಕೊಂಡರೂ ಆಗಲ್ಲ. ದುಡ್ಡೇ ಕಟ್ಟದವರಿಗೆ ಅದು ಸರಿ. ಇಲ್ಲಿ ಆಗಿರುವುದು ಪ್ಯಾನ್ ತಪ್ಪು.

---

ನಕ್ಷೆಮನೆ · 27 ಜೂನ್

ಅಕ್ಕ ಬರೆದಂತೆಯೇ ಮೇಲ್ ಹಾಕಿದೆ. ಒಂದು ಗಂಟೆಯಲ್ಲಿ ಆ ಹುಡುಗನೇ ಫೋನ್ ಮಾಡಿದ. "ಸಾರ್, ನಿಮ್ಮ ಹೆಸರು ಟೈಪ್ ಮಾಡಿದರೆ ಎರಡು ಬರುತ್ತೆ, ಮೇಲಿನದನ್ನು ಒತ್ತಿಬಿಟ್ಟೆ" ಅಂದ. ಹಳೆ ಲೆಡ್ಜರ್‌ನಲ್ಲಿ ಟಿಡಿಎಸ್ ಬಿಲ್ ಟೋಟಲ್ ಮೇಲೆ ಬೀಳುವ ಹಾಗೆ ಸೆಟ್ ಆಗಿತ್ತಂತೆ. ತಾಳೆಪಟ್ಟಿ ಸಾರ್ ಅನುಮಾನ ಅಕ್ಷರಶಃ ನಿಜ. ಆಡಿಟರ್ ನಂಬರ್ ಕೊಟ್ಟಿದ್ದಾನೆ, ಜುಲೈ ಮೊದಲ ವಾರ ಕರೆಕ್ಷನ್ ಹಾಕುತ್ತಾರಂತೆ.

ಈಗ ಎರಡು ಪ್ರಶ್ನೆ. ಕರೆಕ್ಷನ್ ಹಾಕುವಾಗಲೇ 14,160ನ್ನು 12,000 ಮಾಡಿಸಬೇಕಾ? ಮತ್ತೆ ಮಾರ್ಚ್ ಬಿಲ್ಲಿನ 6,000 ಎಲ್ಲಿ? ಹಳೆ ಸಂಸ್ಥೆಯ 26ಎಎಸ್‌ನಲ್ಲೂ ಅದು ಇಲ್ಲ.

---

ತಾಳೆಪಟ್ಟಿ · 27 ಜೂನ್

ಮೊದಲನೆಯದು ಮುಟ್ಟಬೇಡಿ. 14,160 ಸರ್ಕಾರಕ್ಕೆ ಹೋಗಿದೆ. ಪ್ಯಾನ್ ಬದಲಾದ ಮೇಲೆ ಅಷ್ಟೂ ನಿಮ್ಮ ಕ್ರೆಡಿಟ್, ಜಾಸ್ತಿ ಆದದ್ದು ರೀಫಂಡ್‌ನಲ್ಲಿ ಬರುತ್ತದೆ. 12,000 ಮಾಡಿಸಲು ಹೋದರೆ 2,160 ಅವರ ಚಲನ್‌ನಲ್ಲಿ ಉಳಿದು, ಅದನ್ನು ಅವರಿಂದ ವಸೂಲಿ ಮಾಡುವ ಹೊಸ ಓಡಾಟ ಶುರುವಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಟಿಡಿಎಸ್ ಬರಬೇಕಾದ ಖಾತೆಗೆ 14,160 ಬರೆಯಿರಿ, ಪಾರ್ಟಿ ಲೆಡ್ಜರ್ ಸೊನ್ನೆಗೆ ಬರುತ್ತದೆ.

ಒಂದು ಚೀಟಿ ಮಾತ್ರ ಫೈಲ್‌ನಲ್ಲಿಡಿ. 26ಎಎಸ್‌ನಲ್ಲಿ ಆ ಬಿಲ್ಲಿನ ಮೊತ್ತ 1,41,600 ಅಂತ ಕಾಣುತ್ತದೆ, ನಿಮ್ಮ ಆದಾಯ 1,20,000. ನಾಳೆ ಯಾರಾದರೂ 21,600 ಯಾಕೆ ಬಿಟ್ಟಿರಿ ಅಂದರೆ ಅದು ಜಿಎಸ್‌ಟಿ, ಇಂಥ ತಿಂಗಳ ಜಿಎಸ್‌ಟಿ ರಿಟರ್ನ್‌ನಲ್ಲಿ ಕಟ್ಟಿದ್ದೇನೆ ಅಂತ ತೋರಿಸಬೇಕು.

6,000 ಕಳೆದಿಲ್ಲ, ಇನ್ನೂ ಬಂದಿಲ್ಲ. ದುಡ್ಡು ಬಂದದ್ದು ಏಪ್ರಿಲ್ 22. ಬಹುಶಃ ಅವರು ಬಿಲ್ ಪುಸ್ತಕಕ್ಕೆ ತೆಗೆದುಕೊಂಡದ್ದೂ ಏಪ್ರಿಲ್‌ನಲ್ಲೇ. ಹಾಗಿದ್ದರೆ ಅದು ಏಪ್ರಿಲ್-ಜೂನ್ 26ಕ್ಯೂಗೆ ಹೋಗುತ್ತದೆ. ಅದರ ಕೊನೆ ದಿನ ಜುಲೈ 31, 16ಎ ಆಗಸ್ಟ್ 15ರ ಹೊತ್ತಿಗೆ. ನಿಮ್ಮ 26ಎಎಸ್‌ನಲ್ಲಿ ಅದು ಮುಂದಿನ ವರ್ಷದ ಹಾಳೆಯಲ್ಲಿ ಕಾಣುತ್ತದೆ. ಇಲ್ಲಿಯೇ ಗಂಟು: ನೀವು ಆ 60,000ನ್ನು ಮಾರ್ಚ್ ಆದಾಯಕ್ಕೆ ಹಾಕಿದ್ದೀರಾ?

---

ನಕ್ಷೆಮನೆ · 27 ಜೂನ್

ಹಾಕಿದ್ದೇನೆ. ನಾನು ಯಾವಾಗಲೂ ಬಿಲ್ ದಿನಾಂಕಕ್ಕೇ ಬರೆಯುವುದು.

---

ಲೆಡ್ಜರ್ ಅಕ್ಕ · 27 ಜೂನ್

ಮಾರ್ಚ್ 25ಕ್ಕೆ ಬಿಲ್ ಬಂದರೆ ನಮ್ಮಲ್ಲೂ ಸೈಟ್ ಇಂಜಿನಿಯರ್ ಸಹಿ ಆಗಿ ಬರುವಷ್ಟರಲ್ಲಿ ಏಪ್ರಿಲ್ ಆಗಿರುತ್ತದೆ. ನಿಯಮ ಏನೋ ಪುಸ್ತಕಕ್ಕೆ ತೆಗೆದುಕೊಂಡ ದಿನ ಅಥವಾ ದುಡ್ಡು ಕೊಟ್ಟ ದಿನ, ಯಾವುದು ಮೊದಲೋ ಆಗ ಹಿಡಿಯಿರಿ ಅನ್ನುತ್ತದೆ. ಸಹಿ ಆಗದ ಬಿಲ್ ಪುಸ್ತಕಕ್ಕೇ ಬಂದಿರಲ್ಲ. ಹಾಗಾಗಿ ಇದನ್ನು ಅವರ ತಪ್ಪು ಅಂತ ನಾನಂತೂ ಹೇಳಲ್ಲ.

---

ಮಲೆನಾಡಿಗ · 28 ಜೂನ್

ಆ 60,000ನ್ನು ಮುಂದಿನ ವರ್ಷಕ್ಕೆ ತಳ್ಳಿಬಿಡಿ. ದುಡ್ಡು ಬಂದದ್ದು ಏಪ್ರಿಲ್‌ನಲ್ಲಿ ತಾನೇ? ಆದಾಯ, ಟಿಡಿಎಸ್ ಎರಡೂ ಒಂದೇ ವರ್ಷ, ತಾಳೆ ಆಯ್ತು. ವೃತ್ತಿಯವರಿಗೆ ದುಡ್ಡು ಬಂದಾಗ ಆದಾಯ ತೋರಿಸಲು ಅವಕಾಶ ಇದೆ.

---

ತಾಳೆಪಟ್ಟಿ · 28 ಜೂನ್

ಅವಕಾಶ ಇದೆ, ಆದರೆ ಎಲ್ಲ ಬಿಲ್‌ಗೂ ಪ್ರತಿ ವರ್ಷವೂ ಹಾಗೇ ಮಾಡುವವರಿಗೆ. ಬಿಲ್ ದಿನಾಂಕಕ್ಕೆ ಬರೆಯುತ್ತಾ ಬಂದವರು ತಮಗೆ ಬೇಕಾದ ಒಂದು ಬಿಲ್ ಮಾತ್ರ ಮುಂದಕ್ಕೆ ತಳ್ಳುವಂತಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. 60,000 ಆದಾಯವನ್ನು 2024-25ರಲ್ಲೇ ತೋರಿಸಿ, ಆ 6,000 ಕ್ರೆಡಿಟ್ ಇಲ್ಲದೆಯೇ ತೆರಿಗೆ ಕಟ್ಟಿ ರಿಟರ್ನ್ ಹಾಕುವುದು. ಆಮೇಲೆ 26ಎಎಸ್‌ಗೆ 6,000 ಬಂದಾಗ ಫಾರ್ಮ್ 71 ಹಾಕುವುದು. ಆದಾಯ ಹಿಂದಿನ ವರ್ಷ, ಟಿಡಿಎಸ್ ಮುಂದಿನ ವರ್ಷ ಆದವರಿಗಾಗಿಯೇ 2023ರ ಅಕ್ಟೋಬರ್‌ನಿಂದ ಆ ಫಾರ್ಮ್ ಬಂದಿದೆ. ತೆರಿಗೆ ಹಿಡಿದ ವರ್ಷ ಮುಗಿದು ಎರಡು ವರ್ಷದವರೆಗೆ ಹಾಕಬಹುದು. ನಿಮಗೆ 2028ರ ಮಾರ್ಚ್ 31ರವರೆಗೆ ಸಮಯ.

---

ಅನುವಾದಕಿ ಮೈಸೂರು · 28 ಜೂನ್

6,000ಕ್ಕೆ ಇಷ್ಟೊಂದಾ? ನನ್ನ ಆಡಿಟರ್ ಇಂಥದ್ದನ್ನು ಮುಂದಿನ ವರ್ಷದ ರಿಟರ್ನ್‌ನಲ್ಲೇ ಕ್ಲೇಮ್ ಮಾಡಿಬಿಡುತ್ತಾರೆ. ಇದುವರೆಗೆ ಯಾರೂ ಕೇಳಿಲ್ಲ.

---

ತಾಳೆಪಟ್ಟಿ · 28 ಜೂನ್

ಕೇಳಿಲ್ಲ ಅನ್ನುವುದು ಸರಿ ಅಂತ ಆಗುವುದಿಲ್ಲ. ಆ ವರ್ಷದಲ್ಲಿ ಆ ಆದಾಯವೇ ಇಲ್ಲವಲ್ಲ. ಹಾಗೆ ಮಾಡುವವರು ತುಂಬಾ ಜನ ಇದ್ದಾರೆ, ನಾನೂ ಬಲ್ಲೆ. ನಾನಂತೂ ಮಾಡಿ ಅಂತ ಹೇಳಲಾರೆ.

---

ಗುತ್ತಿಗೆದಾರ ಗದಗ · 2 ಜುಲೈ

ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಕ್ಕಿತು ಸಾರ್! ಎರಡು ಪರ್ಸೆಂಟ್ ಅಲ್ಲೇ ಕೂತಿತ್ತು, ನಾನು ಒಪ್ಪಿಗೆ ಕೊಟ್ಟಿರಲಿಲ್ಲ. ಹೋದ ವರ್ಷದ್ದೂ ಒಂದು ಹಾಗೇ ಇದೆ. ನಿಮಗೆ ಒಳ್ಳೇದಾಗಲಿ.

---

ನಕ್ಷೆಮನೆ · 16 ಜುಲೈ 2025

ಜುಲೈ 4ಕ್ಕೆ ಕರೆಕ್ಷನ್ ಹಾಕಿದರು. ಈ ವಾರ ನೋಡಿದರೆ ನನ್ನ 26ಎಎಸ್‌ನಲ್ಲಿ 14,160 ಬಂದಿದೆ, ಹಳೆ ಸಂಸ್ಥೆಯದರಲ್ಲಿ ಆ ಸಾಲು ಇಲ್ಲ. ಹೊಸ 16ಎ ನಿನ್ನೆ ಸಂಜೆ ಸರಿಯಾದ ಇಮೇಲ್‌ಗೆ ಬಂತು. ನಂಬರ್ ಇದೆ, ಪ್ಯಾನ್‌ನ ನಾಲ್ಕನೇ ಅಕ್ಷರ `P`. 8,000 ಮತ್ತು 14,160 ಎರಡಕ್ಕೂ ಪುಸ್ತಕದಲ್ಲಿ ಟಿಕ್ ಹಾಕಿದೆ. ಆ ಹುಡುಗ ಹಳೆ ಲೆಡ್ಜರ್ ಹೆಸರಿನ ಮುಂದೆ "ಬಳಸಬೇಡಿ" ಅಂತ ಬರೆದು ಅದರ ಫೋಟೋ ಕಳಿಸಿದ್ದಾನೆ.

ಈ ಸಲ ರಿಟರ್ನ್ ಗಡುವು ಸೆಪ್ಟೆಂಬರ್ 15ರವರೆಗೆ ಹೋಗಿದೆಯಲ್ಲ, ಆಗಸ್ಟ್‌ನಲ್ಲಿ 6,000 ಬಂತಾ ನೋಡಿಕೊಂಡೇ ಹಾಕುತ್ತೇನೆ. ನಮ್ಮ ಆಡಿಟರ್‌ಗೆ ಫಾರ್ಮ್ 71 ಅಂದೆ. "ಇದುವರೆಗೆ ಒಂದೂ ಹಾಕಿಲ್ಲ, ನೋಡಿ ಹೇಳ್ತೀನಿ" ಅಂದರು. ಇಲ್ಲಿ ಯಾರಾದರೂ ಅದನ್ನು ಹಾಕಿ ದುಡ್ಡು ವಾಪಸ್ ಪಡೆದವರಿದ್ದರೆ ಎಷ್ಟು ದಿನ ಹಿಡಿಯಿತು ಅಂತ ಬರೆಯಿರಿ.